ಬಿಸಿ ಕೌಂಟರಿನ ಎಪ್ಪತ್ತೆಂಟು ಡಿಗ್ರಿ

ಆ ಕಾಗದ ಬರೆದವಳು ನಾನೇ. ಬರೆಯಲೇಬೇಕು ಎಂದು ಯಾರೂ ನನ್ನ ಕುತ್ತಿಗೆ ಮೇಲೆ ಕೂತಿರಲಿಲ್ಲ. ಅರ್ಧ ಪುಟದ ಕಾಗದಕ್ಕೆ ಒಂದು ವಾರ ಹಿಡಿಯಿತು ಎಂದರೆ ನನ್ನ ಮಗಳು ಈಗಲೂ ನಗುತ್ತಾಳೆ. ನಗಲಿ. ನಾಲ್ಕು ಸಾಲು ಬರೆಯುವುದು, ಓದುವುದು, ಇದನ್ನು ಓದಿ ನಮ್ಮ ಅಡುಗೆ ಭಟ್ಟರು ಬೇಜಾರು ಮಾಡಿಕೊಂಡರೆ ಎಂದು ಹೊಡೆದುಹಾಕುವುದು. ಹೀಗೇ ವಾರ ಕಳೆಯಿತು. ಇಡೀ ಅಡುಗೆಮನೆಗೆ ಬರೆದ ಕಾಗದ ಅದು, ಆದರೆ ನನ್ನ ತಲೆಯಲ್ಲಿದ್ದದ್ದು ಅವರೊಬ್ಬರೇ. ಅಷ್ಟು ಮರ್ಯಾದೆ ಕೊಟ್ಟೆನಲ್ಲ, ಅದಕ್ಕೇ ಈಗ ಹೊಟ್ಟೆ ಉರಿಯುವುದು.

ನಮ್ಮದು ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿರುವ ಸಣ್ಣ ಹೋಟೆಲು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಬಾತುಗಳು, ಸಂಜೆ ಕಾಫಿ. ಅಪ್ಪ ಶುರುಮಾಡಿದ್ದು. ಭಟ್ಟರು ಅಡುಗೆಗೆ ಸೇರಿದಾಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಸಂಜೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡುವಾಗ ತಟ್ಟೆಗೆ ಬಿಸಿ ದೋಸೆ ಹಾಕಿ ನನ್ನ ತಪ್ಪು ಭಾಗಾಕಾರ ತಿದ್ದುತ್ತಿದ್ದವರು ಅವರು. ಅಪ್ಪ ತೀರಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ನಾನು ಕೂತ ಮೊದಲ ದಿನ, ಒಂದು ಲೋಟ ಕಾಫಿ ತಂದಿಟ್ಟು, "ಕೂತ್ಕೋ ಮಗು, ಒಳಗಡೆ ನಾನಿದೀನಿ," ಎಂದಿದ್ದರು. ಐವತ್ತು ದಾಟಿದ ಹೆಂಗಸನ್ನು ಮಗು ಎಂದು ಕರೆಯುವವರು ಪ್ರಪಂಚದಲ್ಲಿ ಇನ್ನೆಷ್ಟು ಜನ ಉಳಿದಿರುತ್ತಾರೆ ಹೇಳಿ. ಒಳಗಡೆ ಅವರಿದ್ದಾರೆ ಎಂದು ನಾನು ಹೊರಗಡೆ ನೆಮ್ಮದಿಯಾಗಿ ಕೂತೆ. ಈಗ ಅವರು ನಮ್ಮ ಹೋಟೆಲಿನ ಕೆಲಸದಲ್ಲಿ ಇಲ್ಲ.

ಕಾಗದಕ್ಕೆ ಕಾರಣ ಒಂದು ತರಬೇತಿ. ಹೋಟೆಲು ನಡೆಸುವವರಿಗೆ ಆಹಾರ ಸುರಕ್ಷತೆಯ ಪಾಠ, ಒಂದು ಹಗಲು. ಪಾಠ ಹೇಳಿದ ಹೆಂಗಸು ಹಲಗೆಯ ಮೇಲೆ ಎರಡು ಗೆರೆ ಎಳೆದರು. ಕೆಳಗಿನ ಗೆರೆಗೆ ಐದು ಡಿಗ್ರಿ, ಮೇಲಿನದಕ್ಕೆ ಅರವತ್ತೈದು. ತಣ್ಣಗಿಡುವುದು ಕೆಳಗಿನ ಗೆರೆಗಿಂತ ಕೆಳಗೇ ಇರಬೇಕು, ಬಿಸಿಯಾಗಿಡುವುದು ಮೇಲಿನ ಗೆರೆಗಿಂತ ಮೇಲೇ ಇರಬೇಕು, ನಡುವೆ ಇರುವುದು ರೋಗ ಬೆಳೆಯುವ ಜಾಗ ಎಂದರು. ಅನ್ನದ ಅಡುಗೆಯ ಬಗ್ಗೆ ವಿಶೇಷವಾಗಿ ಎಚ್ಚರಿಸಿದರು. ಬೆಚ್ಚಗೆ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಹುಟ್ಟುವ ವಿಷ ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲವಂತೆ, ವಾಸನೆ ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲವಂತೆ. ನಾವು ಮಾರುವುದೇ ಬಾತು! ಮನೆಗೆ ಬರುವಾಗಲೇ ಕಡ್ಡಿ ಇರುವ ಥರ್ಮಾಮೀಟರು ಕೊಂಡುತಂದೆ.

ಕೊನೆಗೆ ಹೊಡೆದುಹಾಕದೆ ಉಳಿದ ಕಾಗದ ಹೀಗಿತ್ತು:

"ಅಡುಗೆಮನೆಯ ಎಲ್ಲರಿಗೂ ನಮಸ್ಕಾರ. ಬರುವ ಸೋಮವಾರದಿಂದ ಒಂದು ಹೊಸ ಅಭ್ಯಾಸ ಶುರುಮಾಡೋಣ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು, ಮಧ್ಯಾಹ್ನ ಊಟ ಶುರುವಾಗುವಾಗ, ಆಮೇಲೆ ಮೂರು ಗಂಟೆಗೆ, ಹೀಗೆ ದಿನಕ್ಕೆ ಮೂರು ಸಲ ಎರಡೂ ಫ್ರಿಜ್ಜುಗಳ ಶಾಖ ಮತ್ತು ಬಿಸಿ ಕೌಂಟರಿನಲ್ಲಿರುವ ಪ್ರತಿಯೊಂದು ಪಾತ್ರೆಯ ಶಾಖ ನೋಡಿ ಗೋಡೆಯ ಹಾಳೆಯಲ್ಲಿ ಬರೆಯಬೇಕು. ಬರೆದವರು ಸಹಿ ಹಾಕಬೇಕು. ಫ್ರಿಜ್ಜು ಐದು ಡಿಗ್ರಿ ದಾಟಬಾರದು. ಬಿಸಿ ಅಡುಗೆ ಅರವತ್ತೈದಕ್ಕಿಂತ ಕೆಳಗೆ ಇಳಿಯಬಾರದು. ಥರ್ಮಾಮೀಟರಿನ ಕಡ್ಡಿಯನ್ನು ಪ್ರತಿ ಸಲವೂ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಪಾತ್ರೆಯ ನಡುಮಧ್ಯಕ್ಕೆ ಇಳಿಸಿ, ಅಂಕಿ ನಿಲ್ಲುವ ತನಕ ಕಾಯಿರಿ. ಶಾಖ ಈಗಷ್ಟೇ ಇಳಿದಿದ್ದರೆ ಒಲೆಯ ಮೇಲಿಟ್ಟು ಎಪ್ಪತ್ತೈದು ದಾಟಿಸಿ ಮತ್ತೆ ಕೌಂಟರಿಗೆ ತನ್ನಿ. ಯಾವಾಗ ಇಳಿಯಿತೋ ಗೊತ್ತಿಲ್ಲ ಎಂದಾದರೆ ಚೆಲ್ಲಿಬಿಡಿ. ಚೆಲ್ಲಿದ್ದಕ್ಕೆ ಯಾರನ್ನೂ ಕೇಳುವುದಿಲ್ಲ. ಕಂಡ ಅಂಕಿಯನ್ನೇ ಬರೆಯಿರಿ, ಕೆಟ್ಟ ಅಂಕಿ ಬರೆದವರಿಗೆ ಬೈಗುಳ ಇಲ್ಲ. ಇದು ಯಾರ ಕೈಯ ಮೇಲೂ ಅನುಮಾನಪಟ್ಟು ಬರೆದ ಕಾಗದವಲ್ಲ. ನಮ್ಮ ಕೈ ಚೆನ್ನಾಗಿದೆ ಎಂದು ನಾಳೆ ಯಾರಾದರೂ ಕೇಳಿದಾಗ ತೋರಿಸುವುದಕ್ಕೆ."

ಅಂಟಿಸುವ ಮೊದಲು ಭಟ್ಟರಿಗೇ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಚೆನ್ನಾಗ್ ಬರ್ದಿದೀಯ ಮಗು," ಎಂದರು. ಆಮೇಲೆ ಎಲ್ಲರನ್ನೂ ಕರೆದು ತಾವೇ ಗಟ್ಟಿಯಾಗಿ ಓದಿ ಹೇಳಿದರು. ನಡುವೆ, "ನೋಡ್ರಪ್ಪಾ, ಇನ್ಮೇಲೆ ಸಾಂಬಾರಿಗೂ ಜ್ವರ ನೋಡ್ಬೇಕು," ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ.

ಒಂದು ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಅಪ್ಪನ ಕಾಲದಿಂದ ಮುಸುರೆಯ ಲೆಕ್ಕ ಇದೆ. ಬೆಂದ ಅನ್ನ ಮುಟ್ಟಿದ ಕೈ, ಸೌಟು ಹಾಗೇ ಹಾಲು ಮೊಸರಿನ ಪಾತ್ರೆಗೆ ಹೋಗುವ ಹಾಗಿಲ್ಲ. ಬೆಳಿಗ್ಗೆ ಮಾಡಿದ ಅಡುಗೆಯನ್ನು ಒಳಗಿನ ದೇವರ ಪಟಕ್ಕೆ ತೋರಿಸುವ ಮೊದಲು ಯಾರೂ ರುಚಿ ನೋಡುವ ಹಾಗೂ ಇಲ್ಲ, ಭಟ್ಟರು ಉಪ್ಪನ್ನು ಕಣ್ಣಂದಾಜಿನಲ್ಲೇ ಹಾಕುತ್ತಿದ್ದರು. ಈ ಕಡ್ಡಿಯನ್ನು ಬಾತಿಗೂ ಅದ್ದು, ಪಾಯಸಕ್ಕೂ ಅದ್ದು ಎಂದರೆ ಅವರಿಗೆ ಕಸಿವಿಸಿ ಆಗಬಹುದು ಎಂದು ಅವರನ್ನು ಪಕ್ಕಕ್ಕೆ ಕರೆದೆ.

"ಭಟ್ರೇ, ಮುಸುರೆ ಗಿಸುರೆ ಅಂತ ನಿಮಗೇನಾದ್ರೂ ಮನಸಲ್ಲಿದ್ರೆ ಹೇಳ್ಬಿಡಿ. ಅನ್ನದ್ದಕ್ಕೊಂದು, ಹಾಲಿನದ್ದಕ್ಕೊಂದು ಬೇರೆ ಬೇರೆ ಥರ್ಮಾಮೀಟರ್ ತಂದ್ಕೊಡ್ತೀನಿ. ದೇವರಿಗೆ ತೋರ್ಸಾದ್ಮೇಲೇ ಅದ್ದಿ, ಪರ್ವಾಗಿಲ್ಲ."

"ಅಯ್ಯೋ, ಅಂಥದ್ದೇನಿಲ್ಲ ಬಿಡು ಮಗು. ಕಾಲ ಬದ್ಲಾಗಿದೆ, ನಾವೂ ಬದ್ಲಾಗ್ಬೇಕು," ಎಂದರು.

ಎಷ್ಟು ಹಗುರವಾಗಿ ಹೇಳಿದರು! ಎಂಥ ದೊಡ್ಡ ಮನಸ್ಸು ಎಂದು ಮನೆಗೆ ಹೋಗಿ ಮಗಳ ಮುಂದೆ ಹೊಗಳಿದೆ. ಏನು ಹೇಳಲಿ ನನ್ನ ಬುದ್ಧಿಗೆ.

ಹಾಳೆ ತುಂಬತೊಡಗಿತು. ಮೊದಲ ವಾರವೇ ಪ್ರಯೋಜನ ಕಂಡಿತು ಕೂಡ. ಮೊಸರು, ಹೆಚ್ಚಿದ ತರಕಾರಿ ಇಡುವ ಫ್ರಿಜ್ಜು ಬೆಳಿಗ್ಗೆಯೆಲ್ಲ ನಾಲ್ಕು ತೋರಿಸಿ ಮಧ್ಯಾಹ್ನಕ್ಕೆ ಒಂಬತ್ತಕ್ಕೆ ಏರುತ್ತಿತ್ತು. ನೋಡಿದರೆ ಬಾಗಿಲಿನ ರಬ್ಬರು ಒಂದು ಮೂಲೆಯಲ್ಲಿ ಸತ್ತುಹೋಗಿದೆ. ಬದಲಾಯಿಸಿದೆವು, ಮತ್ತೆ ಐದರೊಳಗೆ ಬಂತು. ಬಿಸಿ ಕೌಂಟರಿನ ಅಂಕಿಗಳಂತೂ ನೋಡುವುದಕ್ಕೇ ಚೆಂದ. ಬಿಸಿ ಕೌಂಟರು ಎಂದರೆ ಉದ್ದನೆಯ ಸ್ಟೀಲಿನ ತೊಟ್ಟಿ. ಅದರಲ್ಲಿ ನೀರು ಕಾಯುತ್ತಿರುತ್ತದೆ, ನೀರಿನೊಳಗೆ ಬಾತು, ಸಾಂಬಾರು, ಸಾಗುವಿನ ಪಾತ್ರೆಗಳು ಕೂತಿರುತ್ತವೆ. ಎಪ್ಪತ್ತೇಳು, ಎಪ್ಪತ್ತೆಂಟು, ಎಪ್ಪತ್ತಾರು. ಒಂದು ದಿನವೂ ಎಪ್ಪತ್ತರ ಕೆಳಗಿಲ್ಲ. ನೋಡಿ ಭಟ್ಟರ ಶಿಸ್ತು ಎಂದುಕೊಂಡೆ. ಬಾತಿಗೂ ಸಾಂಬಾರಿಗೂ ಸಾಗುವಿಗೂ ದಿನಾ ಹೆಚ್ಚುಕಡಿಮೆ ಒಂದೇ ಅಂಕಿ ಹೇಗೆ ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ನಂಬಿದವರ ಕಣ್ಣಿಗೆ ಅಂಥದ್ದು ಬೀಳುವುದಿಲ್ಲ.

ನಮ್ಮ ಹೋಟೆಲಿನಿಂದ ಎರಡು ಬೀದಿ ಆಚೆ ಒಬ್ಬರು ಅಮ್ಮ ಇದ್ದಾರೆ. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಅವರೂ ಅವರ ಯಜಮಾನರೂ ಇಬ್ಬರೇ. ಕೈಯಡುಗೆ ಎಂದರೆ ಆಕೆಗೆ ಪ್ರಾಣ. ಹಬ್ಬ ಬಂತೆಂದರೆ ಹೋಟೆಲಿನವಳಾದ ನನಗೇ ಒಬ್ಬಟ್ಟು ಕಟ್ಟಿಕೊಡುವಷ್ಟು ಧೈರ್ಯ. ಯಜಮಾನರೂ ಹಾಗೇ, ಹೆಂಡತಿಯ ಕೈಯಡುಗೆ ಬಿಟ್ಟು ಬೇರೆ ಊಟ ಒಗ್ಗುವುದಿಲ್ಲ ಎಂದು ನಮ್ಮ ಹೋಟೆಲಿನಲ್ಲೇ ಕೂತು ಕಾಫಿ ಕುಡಿಯುತ್ತಾ ಹೇಳುತ್ತಿದ್ದರು. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಪ್ರಸಾದ, ಪಾಯಸ, ಸೌತೆಕಾಯಿ ಮೊಸರು ಬಜ್ಜಿ ನಾನೇ ಮಾಡುತ್ತೇನೆ, ಮಂಡಿನೋವು, ಬಿಸಿಬೇಳೆಬಾತು ಮಾತ್ರ ನೀನು ಮಾಡಿಸಿಕೊಡಮ್ಮ, ಈರುಳ್ಳಿ ಬೇಡ ಎಂದರು. ಭಟ್ಟರು ಬೆಳಿಗ್ಗೆಯೇ ಮಾಡಿ ಕೌಂಟರಿನಲ್ಲಿಟ್ಟರು. ಹನ್ನೆರಡಕ್ಕೆ ಒಯ್ಯಬೇಕಾದ್ದು, ಪುರೋಹಿತರು ಬಂದದ್ದೇ ತಡವಾಗಿ ಪೂಜೆ ಎಳೆದುಕೊಂಡು ಹೋಯಿತು. ಬಾತು ಮೂರು ಗಂಟೆಯ ತನಕ ನಮ್ಮ ಕೌಂಟರಿನಲ್ಲೇ ಕೂತಿತ್ತು.

ಅವತ್ತು ಸಂಜೆಯ ಹೊತ್ತಿಗೆ, ಪೂಜೆಯ ಊಟ ಮಾಡಿದವರಲ್ಲಿ ಕೆಲವರಿಗೆ ವಾಂತಿ ಹಿಡಿಯಿತು. ಯಜಮಾನರಿಗೆ ಜಾಸ್ತಿಯಾಗಿ ನರ್ಸಿಂಗ್ ಹೋಮಿಗೆ ಸೇರಿಸಿ ಡ್ರಿಪ್ ಹಾಕಿದರು. ಅವರು ಹುಷಾರಾಗಿ ಮನೆಗೆ ಬಂದ ಮೇಲೆ ಅಮ್ಮ ನಮ್ಮ ಹೋಟೆಲಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಮೂಲೆಯ ಮೇಜಿನಲ್ಲಿ ಕೂತು ನನ್ನ ಕೈ ಹಿಡಿದುಕೊಂಡು, "ಬೇಜಾರ್ ಮಾಡ್ಕೋಬೇಡಮ್ಮ, ಒಂದೇ ಮಾತು ಕೇಳ್ತೀನಿ. ಬಾತಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತಾ? ಇಲ್ಲಾ ನನ್ನ ಬಜ್ಜೀನಾ? ಬೆಳಿಗ್ಗೇನೇ ಮೊಸರು ಕಲಸಿಟ್ಬಿಟ್ಟಿದ್ದೆ. ಸೆಕೆ ಬೇರೆ," ಎಂದರು.

ನಾನು ಎದ್ದು ಹೋಗಿ ಹಾಳೆ ತಂದೆ. ಭಟ್ಟರನ್ನೂ ಕರೆದೆ. ಹನ್ನೆರಡಕ್ಕೆ ಬಾತು ಎಪ್ಪತ್ತೆಂಟು, ಮೂರಕ್ಕೆ ಎಪ್ಪತ್ತಾರು. ಬೆರಳಿಟ್ಟು ತೋರಿಸಿದೆ. "ನೋಡಿಮ್ಮಾ, ಅರವತ್ತೈದರ ಮೇಲಿದ್ರೆ ಏನೂ ಆಗಲ್ಲ. ನಮ್ಮ ಬಾತಿಂದ ಖಂಡಿತಾ ಅಲ್ಲ," ಎಂದೆ. ಖಂಡಿತಾ ಎಂಬ ಮಾತನ್ನು ನಾನು ಸುಲಭವಾಗಿ ಆಡುವವಳಲ್ಲ. ಅವತ್ತು ಆಡಿದೆ. ಪಕ್ಕದಲ್ಲಿ ಭಟ್ಟರು ಕೈಕಟ್ಟಿ ನಿಂತಿದ್ದರು.

ಅಮ್ಮ ಹಾಳೆಯನ್ನು ನೋಡಿದರು. "ಆದ್ರೆ ನಮ್ಮ ಭಾವನೋರು ಶೀತ ಅಂತ ಬಜ್ಜಿ ಮುಟ್ಲೇ ಇಲ್ಲ. ಅವ್ರಿಗೂ ವಾಂತಿ ಆಯ್ತಲ್ಲ?" ಎಂದರು.

ನಾನು ಮತ್ತೆ ಹಾಳೆಯ ಮೇಲೆ ಬೆರಳಿಟ್ಟೆ. ಉತ್ತರ ಹೊಳೆದದ್ದು ಭಟ್ಟರಿಗೆ. "ಬಡಿಸೋ ಗಡಿಬಿಡೀಲಿ ಬಜ್ಜಿ ಸೌಟೇ ಬಾತಿಗೂ ಹೋಗಿರತ್ತೆ ಅಮ್ಮ. ಮನೇಲಿ ಯಾರು ನೋಡ್ತಾರೆ? ಮೊಸರು ಸೆಕೇಗೆ ಬೇಗ ಕೆಡತ್ತೆ. ವಯಸ್ಸಾಯ್ತು, ನಿಮ್ ತಪ್ಪೇನಿದೆ," ಎಂದು ಎಷ್ಟೋ ಮೆದುವಾಗಿ ಹೇಳಿದರು.

ಆಕೆ ತಲೆಯಾಡಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದು, ಸೌಟು ನಾನು ನೋಡ್ಲಿಲ್ಲ," ಎಂದರು.

ಅವತ್ತಿನಿಂದ ಆಕೆ ಅಡುಗೆ ಬಿಟ್ಟರು. ಗಂಡನಿಗೆ ನನ್ನ ಕೈಯಾರೆ ವಿಷ ಹಾಕಿದೆ, ಇನ್ನು ನನಗೆ ಧೈರ್ಯ ಇಲ್ಲ ಎಂದರು. ಕಾಫಿ ಬೆರೆಸುವುದು ಬಿಟ್ಟರೆ ಒಲೆ ಹಚ್ಚುತ್ತಿರಲಿಲ್ಲ. ಎರಡು ಹೊತ್ತಿನ ಊಟದ ಡಬ್ಬ ನಮ್ಮಲ್ಲಿಂದಲೇ ಹೋಗತೊಡಗಿತು. ಬೇರೆಯವರ ಕೈಗೆ ಬಿಡದೆ ಭಟ್ಟರೇ ಅದನ್ನು ತುಂಬುತ್ತಿದ್ದರು, ಯಜಮಾನರಿಗೆಂದು ಸಾರಿಗೆ ಖಾರ ಕಡಿಮೆ ಹಾಕಿ ಬೇರೆ ಇಡುತ್ತಿದ್ದರು. ಎಂಥ ಅಂತಃಕರಣ ಎಂದು ನಾನು ನೋಡುತ್ತಾ ನಿಂತಿರುತ್ತಿದ್ದೆ. ಕರ್ಮ ನೋಡಿ.

ವಿಷಯ ಬಯಲಾದದ್ದು ಮಳೆಗಾಲ ಶುರುವಾದ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ. ಆ ಹೊತ್ತಿಗೆ ನಾನು ಸಾಮಾನ್ಯವಾಗಿ ಮನೆಗೆ ಊಟಕ್ಕೆ ಹೋಗಿರುತ್ತೇನೆ. ಅವತ್ತು ಗ್ಯಾಸಿನವರು ಬರುತ್ತೇನೆಂದಿದ್ದರು, ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಬಿಸಿ ಕೌಂಟರು ನೋಡಿಕೊಳ್ಳುವವನು, ನಡುವಯಸ್ಸಿನ ನಿಧಾನಸ್ಥ, ಥರ್ಮಾಮೀಟರು ಹಿಡಿದು ನಿಂತಿದ್ದ. ಹತ್ತಿ ತೆಗೆದು ಕಡ್ಡಿ ಒರೆಸಿದ. ನಾನು ಬರೆದ ಹಾಗೇ ಅಚ್ಚುಕಟ್ಟಾಗಿ. ಒರೆಸಿ, ಬಾತಿನ ಪಾತ್ರೆಗೂ ಸಾಂಬಾರಿನ ಪಾತ್ರೆಗೂ ನಡುವೆ, ತೊಟ್ಟಿಯ ನೀರಿಗೆ ಅದ್ದಿದ. ಅಂಕಿ ನಿಲ್ಲುವ ತನಕ ಕಾದ. ಹಾಳೆಯಲ್ಲಿ ಬಾತಿನ ಚೌಕದಲ್ಲಿ ಎಪ್ಪತ್ತೇಳು ಎಂದು ಬರೆದ.

"ಏನಪ್ಪಾ ಮಾಡ್ತಿದೀಯ?"

"ಮೂರು ಗಂಟೆ ರೀಡಿಂಗ್ ಮೇಡಂ."

"ನೀರಿಗ್ಯಾಕೆ ಅದ್ದಿದೆ?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಇನ್ನೆಲ್ಲಿಗೆ ಅದ್ದೋದು ಮೇಡಂ? ಊಟದೊಳಗೆ ಅದ್ದಂಗಿಲ್ಲ, ಮುಸುರೆ ಆಗತ್ತೆ ಅಂತ ಭಟ್ರು ಮೊದಲ್ನೇ ದಿನಾನೇ ಹೇಳ್ಕೊಟ್ರಲ್ಲ. ನೀರಿಗೂ ಅದಕ್ಕೂ ಒಂದೇ ಬಿಸಿ, ನೀರಲ್ಲೇ ನೋಡ್ಬಿಡು ಅಂದ್ರು. ನಿಮಗೂ ಗೊತ್ತು ಅಂದ್ರು."

ನಿಮಗೂ ಗೊತ್ತು ಅಂದ್ರು! ಅವನ ಕೈಯಿಂದ ಥರ್ಮಾಮೀಟರು ಕಿತ್ತುಕೊಂಡು, ಮತ್ತೆ ಒರೆಸಿ, ಬಾತಿನ ನಡುಮಧ್ಯಕ್ಕೆ ಚುಚ್ಚಿದೆ. ಗಟ್ಟಿ ಬಾತು, ಆಳದ ಪಾತ್ರೆ, ಬಡಿಸಿ ಬಡಿಸಿ ಮುಚ್ಚಳ ಅರ್ಧ ತೆರೆದೇ ಇತ್ತು. ಅಂಕಿ ನಿಧಾನವಾಗಿ ಏರಿ ಐವತ್ತನಾಲ್ಕಕ್ಕೆ ನಿಂತಿತು. ಇನ್ನಷ್ಟು ಹೊತ್ತು ಹಿಡಿದು ನಿಂತೆ. ಐವತ್ತನಾಲ್ಕೇ. ಮಳೆಯ ತಂಪಿನ ದಿನ, ಸರಿ. ಆದರೆ ಆ ಪೂಜೆಯ ದಿನ ಅದೇ ಪಾತ್ರೆ, ಅದೇ ಗಟ್ಟಿ ಬಾತು, ಮಧ್ಯಾಹ್ನವೆಲ್ಲ ಹೀಗೇ ಕೂತಿತ್ತಲ್ಲ. ನೀರು ಎಪ್ಪತ್ತೆಂಟು. ನಾನು ಆ ಅಮ್ಮನಿಗೆ ಬೆರಳಿಟ್ಟು ತೋರಿಸಿದ್ದು ನೀರಿನ ಬಿಸಿ.

ಬಾತನ್ನೆಲ್ಲ ಚೆಲ್ಲಿಸಿದೆ. ಭಟ್ಟರು ಉಗ್ರಾಣದಲ್ಲಿ ಉದ್ದಿನಬೇಳೆ ಆರಿಸುತ್ತಾ ಕೂತಿದ್ದರು. ಬಾಗಿಲು ಹಾಕಿಕೊಂಡೆ.

"ಕಡ್ಡೀನ ನೀರಿಗೆ ಅದ್ದು ಅಂತ ಹೇಳ್ಕೊಟ್ರಂತೆ?"

ಅವರು ತಲೆಯೆತ್ತಲಿಲ್ಲ. "ಒಂದೇ ಕಡ್ಡೀನ ಎಲ್ಲಾದಕ್ಕೂ ಅದ್ದೋದು ಹೆಂಗೆ ಮಗು? ದೇವರಿಗೆ ಇಡೋ ಅಡುಗೆ."

"ನಾನು ಕೇಳಿದ್ನಲ್ಲ! ಬೇರೆ ತಂದ್ಕೊಡ್ತೀನಿ ಅಂದ್ನಲ್ಲ ಭಟ್ರೇ! ಏನಿಲ್ಲ ಅಂದ್ರಿ."

ಈಗ ತಲೆಯೆತ್ತಿದರು. ಮುಖದಲ್ಲಿ ತಪ್ಪಿತಸ್ಥನ ಛಾಯೆಯೇ ಇಲ್ಲ, ಬದಲಿಗೆ ಕೋಪ. "ನಿಮ್ಮಪ್ಪ ಒಂದು ದಿನ ನನ್ನ ಪಾತ್ರೆ ಮುಚ್ಚಳ ತೆಗೆದು ನೋಡ್ದೋರಲ್ಲ. ನೀನು ಗೋಡೆಗೆ ಕಾಗದ ಅಂಟಿಸ್ದೆ. ಪಾತ್ರೆ ತೊಳೆಯೋರಿಂದ ಹಿಡಿದು ಎಲ್ರೂ ನನ್ನ ಸಾಂಬಾರಿಗೆ ಕಡ್ಡಿ ಇಟ್ಟು ನೋಡ್ಬೇಕು. ಆಡ್ಕೊಳ್ಳೋರ ಮುಂದೆ ನಾನೇ ಅದನ್ನ ನಗ್ತಾ ಓದ್ದೆ. ಇನ್ನೇನ್ ಮಾಡ್ಲಿ? ನಿನ್ನ ಹಾಳೇನೂ ತುಂಬ್ಬೇಕು, ನನ್ನ ಮರ್ಯಾದೇನೂ ಉಳೀಬೇಕು."

ಸತ್ಯ ಹೇಳುತ್ತೇನೆ, ಅಷ್ಟನ್ನು ನಾನು ನುಂಗಿಕೊಳ್ಳುತ್ತಿದ್ದೆ. ಅಭಿಮಾನದ ಮನುಷ್ಯ, ಹಟ ಮಾಡಿದರು, ಬೈದು ಸರಿಮಾಡಬಹುದಿತ್ತು. ನಾನು ನುಂಗಲಾರದ್ದು ಬೇರೆ.

"ಆ ಅಮ್ಮ ಬಂದು ಅಳ್ತಾ ಕೂತಾಗ ನೀವು ಪಕ್ಕದಲ್ಲೇ ಇದ್ರಿ. ಹಾಳೆಯಲ್ಲಿರೋದು ನೀರಿನ ಬಿಸಿ ಅಂತ ನಿಮಗೆ ಗೊತ್ತಿತ್ತು. ನಾನು ಖಂಡಿತಾ ಅಂತ ಮಾತು ಕೊಡ್ತಿದ್ದೆ, ನೀವು ಸೌಟಿನ ಕಥೆ ಕಟ್ಟಿದ್ರಿ!"

ಬೇಳೆಯ ಮೊರವನ್ನು ಪಕ್ಕಕ್ಕಿಟ್ಟರು. "ಬಾತು ಅಂದ್ಬಿಟ್ಟಿದ್ರೆ ಬೀದಿಯೆಲ್ಲಾ ಸುದ್ದಿ ಆಗೋದು. ಹೋಟ್ಲು ಮುಚ್ಬೇಕಾಗಿತ್ತು. ನಿನಗೋಸ್ಕರ ಸುಮ್ನಿದ್ದೆ ಮಗು," ಎಂದರು.

ನನಗೋಸ್ಕರವಂತೆ! ನಂಬಿಸಿ ಕತ್ತು ಕುಯ್ದು, ಕುಯ್ದ ಚಾಕುವನ್ನು ನನ್ನ ಕೈಗೇ ಕೊಡುತ್ತಿದ್ದಾರೆ. ಅಪ್ಪ ಸತ್ತಾಗಲೂ ಈ ಮನುಷ್ಯನ ಮುಂದೆ ನಾನು ಅತ್ತಿರಲಿಲ್ಲ, ಅವತ್ತು ಅತ್ತೆ. ಅತ್ತಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. "ಏಳಿ, ಅಂಗಿ ಹಾಕ್ಕೊಳ್ಳಿ. ಅಮ್ಮನ ಮನೆಗೆ ಹೋಗೋಣ. ನಾನು ಹೇಳ್ತೀನಿ, ನೀವು ಹೌದು ಅನ್ನಿ. ಅಷ್ಟೇ ಸಾಕು. ಹೋಟ್ಲು ಮುಚ್ಚೋದಾದ್ರೆ ಮುಚ್ಚಲಿ," ಎಂದೆ.

ಬಂದರು. ದಾರಿಯುದ್ದಕ್ಕೂ ನಾನು ಮುಂದೆ, ಅವರು ಹಿಂದೆ. ನನಗೆ ಬೇಕಾಗಿದ್ದದ್ದು ಒಂದೇ. ಆ ಹೆಂಗಸಿನ ತಲೆಯ ಮೇಲಿನ ಭಾರ ಇಳಿಯಬೇಕು, ಆಕೆ ಮತ್ತೆ ಒಲೆ ಹಚ್ಚಬೇಕು. ಉಳಿದದ್ದು ಏನು ಬೇಕಾದರೂ ಆಗಲಿ.

ಅಮ್ಮ ಬಾಗಿಲು ತೆಗೆದು ಸಂಭ್ರಮಪಟ್ಟರು. ನಡುಮನೆಯಲ್ಲಿ ಯಜಮಾನರು ಪೇಪರು ಓದುತ್ತಿದ್ದರು, ಪೂಜೆಗೆ ಮುಂಚೆ ಇದ್ದದ್ದಕ್ಕಿಂತ ಇಳಿದುಹೋಗಿದ್ದರು. ಭಟ್ಟರು ಚಪ್ಪಲಿ ಬಿಟ್ಟು ಹೊಸ್ತಿಲ ಒಳಗೆ ಬಾಗಿಲ ಪಕ್ಕದಲ್ಲೇ ನಿಂತರು, ಕೂರಲಿಲ್ಲ. ನಾನು ಕೂತು, ಒಂದನ್ನೂ ಬಿಡದೆ ಹೇಳಿದೆ. ಥರ್ಮಾಮೀಟರನ್ನು ಎಲ್ಲಿ ಅದ್ದಬೇಕಿತ್ತು, ಎಲ್ಲಿ ಅದ್ದಿದರು, ನಾನು ತೋರಿಸಿದ ಎಪ್ಪತ್ತೆಂಟು ಯಾವುದರದ್ದು, ಬಾತಿನೊಳಗೆ ಇವತ್ತು ನಾನೇ ಕಂಡದ್ದು ಎಷ್ಟು. "ನಿಮ್ಮ ಭಾವನೋರು ಬಜ್ಜಿ ತಿಂದಿರ್ಲಿಲ್ಲ, ಬಾತು ತಿಂದಿದ್ರು. ನೀವು ಅವತ್ತು ಕೇಳಿದ್ದೇ ಸರಿ ಅಮ್ಮ. ನಿಮ್ಮ ಬಜ್ಜಿ ಅಲ್ಲ. ನಮ್ಮ ಬಾತು," ಎಂದೆ.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಯಜಮಾನರು ಪೇಪರು ಮಡಿಸಿದರು. "ಕೇಳಿದ್ಯೇನೇ? ನಿನ್ನ ಬಜ್ಜಿ ಅಲ್ವಂತೆ," ಎಂದರು. ಆ ಧ್ವನಿಯಲ್ಲಿದ್ದ ಆಸೆಯನ್ನು ಕೇಳಲಾಗುತ್ತಿರಲಿಲ್ಲ.

ಅಮ್ಮ ಬಾಗಿಲ ಕಡೆ ತಿರುಗಿದರು. "ಹೌದೇನ್ರೀ ಭಟ್ರೇ?"

ನಾನೂ ತಿರುಗಿ ನೋಡಿದೆ. ಒಂದೇ ಒಂದು ಮಾತು, ಹೌದು. ಅಷ್ಟಕ್ಕೇ ಕರೆದುಕೊಂಡು ಬಂದಿದ್ದೆ.

ಭಟ್ಟರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. ಬಾಯಿ ತೆರೆದರು. "ಮೇಡಂ ಹೇಳಿದ್ಮೇಲೆ ಹೌದು ಅಂತಾನೇ ಅನ್ಬೇಕಲ್ಲಮ್ಮ," ಎಂದರು.

ಅಮ್ಮನ ಮುಖದಲ್ಲಿ ಆಗತಾನೇ ಏನೋ ಅರಳುತ್ತಿತ್ತು, ಅದು ಅಲ್ಲೇ ನಿಂತುಹೋಯಿತು. ಮೂವತ್ತು ವರ್ಷ ಮಕ್ಕಳ ಸುಳ್ಳುಗಳನ್ನು ಕೇಳಿದ ಟೀಚರು. ಆ ಮಾತಿನ ಹಿಂದೆ ಏನೋ ಇದೆ ಎಂದು ಆಕೆಗೆ ಗೊತ್ತಾಯಿತು. ಆದರೆ ಇಬ್ಬರಲ್ಲಿ ಯಾರ ಸುಳ್ಳು ಎಂಬುದನ್ನು ತಪ್ಪಾಗಿ ಹಿಡಿದರು. ನಿಧಾನವಾಗಿ ನಕ್ಕು, ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು.

"ನನ್ನ ಸಮಾಧಾನಕ್ಕೆ ಅಂತ ಹೇಳ್ತಿದೀಯ, ಅಲ್ವೇನಮ್ಮ? ನಿನ್ನ ಹೋಟ್ಲಿನ ಹೆಸರು ಕೆಡಿಸ್ಕೊಂಡು? ಪಾಪ ಅವರನ್ನೂ ಇಲ್ಲೀವರ್ಗೂ ಕರ್ಕೊಂಡ್ ಬಂದು... ಬೇಡಮ್ಮ. ಅವತ್ತು ಹಾಳೇಲಿ ನಾನೇ ಕಣ್ಣಾರೆ ನೋಡಿದ್ನಲ್ಲ."

"ಇಲ್ಲಮ್ಮ, ದೇವರಾಣೆ, ನಾನು ಹೇಳ್ತಿರೋದು ನಿಜ."

"ಒಳ್ಳೇವಳು ನೀನು," ಎಂದು ಆಕೆ ನನ್ನ ಕೆನ್ನೆ ಮುಟ್ಟಿದರು. "ನನ್ನ ಕೈಯಿಂದ ಆದದ್ದು ನನಗೆ ಗೊತ್ತು. ಬಿಡು, ಆ ಮಾತು ಇಲ್ಲಿಗೇ ಬಿಟ್ಬಿಡು."

ಯಜಮಾನರು ಮಡಿಸಿದ ಪೇಪರನ್ನು ಮತ್ತೆ ಬಿಚ್ಚಿಕೊಂಡರು.

"ಭಟ್ರೇ, ಸರಿಯಾಗಿ ಹೇಳಿ," ಎಂದು ನಾನು ಹೆಚ್ಚುಕಡಿಮೆ ಕೂಗಿದೆ. "ದಮ್ಮಯ್ಯ ಅಂತೀನಿ, ಒಂದೇ ಸಲ ಹೇಳಿ."

ಭಟ್ಟರು ಆಗಲೇ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.